ಲಾಗಿನ್ ಎಲ್ಲಿ ತಪ್ಪಿತು? ಪರದೆಯ ಮಾತನ್ನು ಓದುವ ಬಗೆ

ಪ್ರಶ್ನೆ: ಕಂಪ್ಯೂಟರ್ ಬಳಕೆ ನನಗೆ ಹೊಸದು. ಲಾಗಿನ್ ಮಾಡಲು ಹೋದರೆ ಒಮ್ಮೆ Invalid credentials, ಒಮ್ಮೆ Account not found, ಮತ್ತೊಮ್ಮೆ Access denied ಅಂತ ಬರುತ್ತೆ. ಯಾವುದು ಬಂದರೂ ಪಾಸ್‌ವರ್ಡ್ ಬದಲಾಯಿಸಿ ನೋಡ್ತೀನಿ, ಸರಿಹೋಗಲ್ಲ. ಇವುಗಳ ಅರ್ಥ ಏನು?

ಉತ್ತರ: ಪಾಸ್‌ವರ್ಡ್ ಬದಲಾಯಿಸುವುದರಿಂದ ಸರಿಹೋಗಬಹುದಾದದ್ದು ಮೊದಲನೆಯದು ಮಾತ್ರ, ಅದೂ ಪ್ರತಿ ಸಲ ಅಲ್ಲ. ನೀವು ಲಾಗಿನ್ ಗುಂಡಿ ಒತ್ತಿದಾಗ ಸರ್ವರ್, ಅಂದರೆ ಆ ಸೇವೆಯನ್ನು ನಡೆಸುವ ಕಂಪ್ಯೂಟರ್, ನೋಡುವುದು ಮುಖ್ಯವಾಗಿ ಮೂರು ಸಂಗತಿ. ಈ ಹೆಸರಿನ ಖಾತೆ ಇದೆಯೇ? ಪಾಸ್‌ವರ್ಡ್ ಅದಕ್ಕೆ ಹೊಂದುತ್ತದೆಯೇ? ಕೇಳಿದ ಪುಟವನ್ನು ನೋಡಲು ಆ ಖಾತೆಗೆ ಅನುಮತಿ ಇದೆಯೇ? ಎಲ್ಲಿ ತಡೆಯಾಯಿತು ಎಂಬುದರ ಮೇಲೆ ಪರದೆಯ ಮಾತು ಬದಲಾಗುತ್ತದೆ.

Account not found ಬಂದರೆ ಮೊದಲ ಹೆಜ್ಜೆಯಲ್ಲೇ ನಿಂತಿದ್ದೀರಿ. ಪಾಸ್‌ವರ್ಡ್ ಸರಿಯೋ ತಪ್ಪೋ ಎಂಬ ಮಾತೇ ಇನ್ನೂ ಬಂದಿಲ್ಲ. ಇಮೇಲ್ ವಿಳಾಸವನ್ನು ಒಂದೊಂದೇ ಅಕ್ಷರವಾಗಿ ಓದಿ. gmail.com ಬದಲು gmial.com ಆಗಿರುವುದು ಬಹಳ ಸಾಮಾನ್ಯ. ಅಲ್ಲಿ ತಪ್ಪಿಲ್ಲದಿದ್ದರೆ, ಖಾತೆ ತೆರೆದದ್ದು ಬೇರೆ ಇಮೇಲ್‌ನಿಂದಲೋ ಮೊಬೈಲ್ ನಂಬರಿನಿಂದಲೋ ನೆನಪಿಸಿಕೊಳ್ಳಿ. ಹಳೆಯ ಇಮೇಲ್‌ಗಳಲ್ಲಿ ಆ ಸೇವೆಯ ಹೆಸರು ಹಾಕಿ ಹುಡುಕಿದರೆ, ಸ್ವಾಗತದ ಪತ್ರ ಬಂದಿರುವ ವಿಳಾಸವೇ ಸಾಮಾನ್ಯವಾಗಿ ನಿಮ್ಮ ಖಾತೆಯ ವಿಳಾಸ.

Invalid credentials ಇದಕ್ಕಿಂತ ಗೊಂದಲದ ಮಾತು, ಯಾಕೆಂದರೆ ಅದನ್ನು ಬೇಕೆಂದೇ ಅಸ್ಪಷ್ಟವಾಗಿ ಇಟ್ಟಿರುತ್ತಾರೆ. ಹೆಸರು, ಪಾಸ್‌ವರ್ಡ್ ಎರಡೂ ಸೇರಿ ಹೊಂದಲಿಲ್ಲ ಎಂದಷ್ಟೇ ಅದರ ಅರ್ಥ. ತಪ್ಪಿದ್ದು ಯಾವುದು ಎಂದು ಅದು ಹೇಳುವುದಿಲ್ಲ. ‘ಪಾಸ್‌ವರ್ಡ್ ಮಾತ್ರ ತಪ್ಪು’ ಎಂದು ಹೇಳಿಬಿಟ್ಟರೆ, ಆ ವಿಳಾಸದಲ್ಲಿ ಖಾತೆ ಇದೆ ಎಂಬುದು ಕಳ್ಳನಿಗೂ ತಿಳಿದುಹೋಗುತ್ತದೆ. ಹಾಗಾಗಿ ಎಚ್ಚರಿಕೆಯ ಸೇವೆಗಳು ಖಾತೆಯೇ ಇಲ್ಲದಿದ್ದರೂ ಇದೇ ಮಾತನ್ನು ತೋರಿಸುತ್ತವೆ. ಹೊಸಬರು ಎಡವುವುದು ಇಲ್ಲೇ: ಇಮೇಲ್ ತಪ್ಪಿರುವಾಗ ಪಾಸ್‌ವರ್ಡನ್ನೇ ಹತ್ತು ಸಲ ಹೊಡೆಯುತ್ತಾರೆ, ಕೊನೆಗೆ ಸರ್ವರ್ ಸ್ವಲ್ಪ ಹೊತ್ತು ಲಾಗಿನ್ ಅನ್ನೇ ತಡೆಹಿಡಿಯುತ್ತದೆ.

ಎರಡನೇ ಸಲವೂ ಇದೇ ಬಂದರೆ ಟೈಪ್ ಮಾಡುವುದನ್ನು ನಿಲ್ಲಿಸಿ. ಪಾಸ್‌ವರ್ಡ್ ಪಕ್ಕದ ಕಣ್ಣಿನ ಚಿಹ್ನೆ ಒತ್ತಿ, ಏನು ಬಿದ್ದಿದೆ ಎಂದು ಕಣ್ಣಾರೆ ನೋಡಿ. ಕ್ಯಾಪ್ಸ್ ಲಾಕ್ ಬಿದ್ದಿರಬಹುದು, ಕೀಬೋರ್ಡ್ ಬೇರೆ ಭಾಷೆಯಲ್ಲಿರಬಹುದು, ಬ್ರೌಸರ್ ತಾನೇ ಹಳೆಯ ಪಾಸ್‌ವರ್ಡ್ ತುಂಬಿಸಿರಬಹುದು. ಇನ್ನೊಂದು ಕಡೆಯಿಂದ ಕಾಪಿ ಮಾಡಿ ಹಾಕಿದ್ದರೆ ಕೊನೆಯಲ್ಲಿ ಒಂದು ಖಾಲಿ ಜಾಗ ಅಂಟಿಕೊಂಡಿರುವುದುಂಟು. ಆ ಖಾಲಿ ಜಾಗವನ್ನೂ ಒಂದು ಅಕ್ಷರವೆಂದೇ ಎಣಿಸುವ ಸೇವೆಗಳು ಬಹಳ. ಅಲ್ಲಿ ‘ಹೆಚ್ಚುಕಡಿಮೆ ಸರಿ’ ಎಂಬುದಿಲ್ಲ.

ಒಂದು ಉದಾಹರಣೆ ನೋಡಿ. ರೇಖಾ ಎಂಬವರಿಗೆ ಎರಡು ಇಮೇಲ್ ಇವೆ, ಒಂದು ಸ್ವಂತದ್ದು, ಒಂದು ಕಚೇರಿಯದು. ಕಚೇರಿಯ ಕಡತಗಳಿರುವ ತಾಣಕ್ಕೆ ಸ್ವಂತ ಇಮೇಲ್ ಹಾಕಿದರು, Invalid credentials ಬಂತು. ‘ಪಾಸ್‌ವರ್ಡ್ ಮರೆತಿರಾ’ ಒತ್ತಿದರು. ‘ಈ ವಿಳಾಸದಲ್ಲಿ ಖಾತೆ ಇದ್ದರೆ ಲಿಂಕ್ ಕಳುಹಿಸಿದ್ದೇವೆ’ ಎಂದಿತು. ಅಲ್ಲಿನ ‘ಇದ್ದರೆ’ಯನ್ನು ಗಮನಿಸಿ. ಸ್ಪ್ಯಾಮ್ ಫೋಲ್ಡರ್ ನೋಡಿ, ಹದಿನೈದು ನಿಮಿಷ ಕಾದರೂ ಏನೂ ಬರದಿದ್ದರೆ, ಆ ವಿಳಾಸದಲ್ಲಿ ಖಾತೆ ಇಲ್ಲ ಎಂಬ ಸಾಧ್ಯತೆಯೇ ಹೆಚ್ಚು. ಖಾತೆ ಇಲ್ಲ ಎಂದು ಬಾಯಿಬಿಟ್ಟು ಹೇಳದ ಸೇವೆಯಿಂದ ಅದನ್ನು ತಿಳಿಯುವ ದಾರಿ ಇದು. ಅವರು ಕಚೇರಿಯ ಇಮೇಲ್ ಹಾಕಿದರು, ಒಳಗೆ ಹೋದರು. ಲೆಕ್ಕಪತ್ರದ ಫೋಲ್ಡರ್ ತೆರೆದರೆ ಈಗ Access denied!

ಗಾಬರಿಯಾಗಬೇಕಿಲ್ಲ. ಲಾಗಿನ್ ಆದ ಮೇಲೆ ಇದು ಬಂದರೆ ನೀವು ಯಾರೆಂದು ಸರ್ವರ್ ಒಪ್ಪಿದೆ ಎಂದರ್ಥ; ಆ ಫೋಲ್ಡರಿನ ಅನುಮತಿ ನಿಮ್ಮ ಖಾತೆಗಿಲ್ಲ, ಅಷ್ಟೆ. ಪಾಸ್‌ವರ್ಡ್ ಎಷ್ಟು ಸಲ ಬದಲಾಯಿಸಿದರೂ ಅನುಮತಿ ಬದಲಾಗುವುದಿಲ್ಲ. ಮೊದಲು ಮೇಲಿನ ಮೂಲೆಯಲ್ಲಿರುವ ನಿಮ್ಮ ಚಿತ್ರ ಒತ್ತಿ, ಯಾವ ಇಮೇಲ್‌ನಿಂದ ಒಳಗಿದ್ದೀರಿ ನೋಡಿ. ಒಂದೇ ಬ್ರೌಸರಿನಲ್ಲಿ ಎರಡು ಖಾತೆ ತೆರೆದಿದ್ದರೆ ಬೇಡದ್ದೇ ಮುಂದೆ ಬಂದಿರಬಹುದು. ಖಾತೆ ಸರಿಯಿದ್ದರೆ ಫೋಲ್ಡರಿನ ಒಡೆಯರಿಗೆ ನಿಮ್ಮ ಇಮೇಲ್, ಫೋಲ್ಡರಿನ ಲಿಂಕ್, ಪರದೆಯಲ್ಲಿ ಬಂದ ಪೂರ್ತಿ ಮಾತು ಮೂರನ್ನೂ ಕಳುಹಿಸಿ ಅನುಮತಿ ಕೇಳಿ. ಪಾಸ್‌ವರ್ಡ್ ಕಳುಹಿಸಬೇಡಿ, ಅನುಮತಿ ಕೊಡಲು ಅದು ಅವರಿಗೆ ಬೇಕಾಗುವುದೇ ಇಲ್ಲ.

ಇದಕ್ಕೊಂದು ಅಪವಾದವಿದೆ. ಲಾಗಿನ್ ಪುಟವೇ ತೆರೆಯದೆ ನೇರವಾಗಿ Access denied ಬಂದರೆ, ತಡೆದಿರುವುದು ನಿಮ್ಮ ಖಾತೆಯನ್ನಲ್ಲ, ಹೆಚ್ಚಾಗಿ ನೀವು ಬಳಸುತ್ತಿರುವ ನೆಟ್‌ವರ್ಕನ್ನು. ನಿಮ್ಮ ಸಂಪರ್ಕವನ್ನು ಬೇರೊಂದು ಸರ್ವರ್ ಮೂಲಕ ಹಾಯಿಸುವ ವಿಪಿಎನ್ ಆನ್ ಆಗಿದ್ದರೆ ಆಫ್ ಮಾಡಿ, ಇಲ್ಲವೇ ವೈಫೈ ಬಿಟ್ಟು ಮೊಬೈಲ್ ಡೇಟಾದಿಂದ ಅದೇ ಪುಟ ತೆರೆದು ನೋಡಿ. ಆಗ ತೆರೆದುಕೊಂಡರೆ ಕಾರಣ ನೆಟ್‌ವರ್ಕಿನಲ್ಲೇ ಇದೆ.