ಅಮ್ಮನಿಗೆ ಯಾವ ಪ್ರೋಟೀನ್ ಪುಡಿ ಒಳ್ಳೆಯದು?

"ತಾಯಿಗೆ 72 ವರ್ಷ. ಕಾಲಿನಲ್ಲಿ ಶಕ್ತಿಯೇ ಇಲ್ಲ, ಕುರ್ಚಿಯಿಂದ ಏಳಲು ಕಷ್ಟ. ಯಾವ ಪ್ರೋಟೀನ್ ಪುಡಿ ಕೊಡಿಸಲಿ?"

ನಾನೂ ಮೊದಲು ಡಬ್ಬಿಯನ್ನೇ ತಂದೆ. ಎರಡು ತಿಂಗಳು ಹಾಲಿಗೆ ಕಲಸಿ ಕೊಟ್ಟೆ. ಅಮ್ಮನ ಕಾಲು ಇದ್ದ ಹಾಗೆಯೇ ಇತ್ತು, ಏಕೆಂದರೆ ಅದನ್ನು ಕೆಡಿಸುತ್ತಿದ್ದವನು ನಾನೇ.

ಅಮ್ಮ ಒಮ್ಮೆ ಬಚ್ಚಲಿನಲ್ಲಿ ಜಾರಿದ್ದರು. ಪೆಟ್ಟಾಗಿರಲಿಲ್ಲ, ಹೆದರಿದ್ದು ನಾನು. ಅಂದಿನಿಂದ ನೀರಿನ ಚೊಂಬೂ ಅವರ ಕೈಗೇ ಬರುತ್ತಿತ್ತು. ಏಳಲು ಹೊರಟರೆ ಕಂಕುಳಿಗೆ ಕೈಕೊಟ್ಟು ಎತ್ತುತ್ತಿದ್ದೆ. ದಿನಕ್ಕೆ ಹತ್ತಿಪ್ಪತ್ತು ಸಲ ಕುರ್ಚಿಯಿಂದ ಏಳುವುದೇ ಅವರ ತೊಡೆಗೆ ಉಳಿದಿದ್ದ ಕೆಲಸ. ಅದನ್ನೂ ಪ್ರೀತಿಯ ಹೆಸರಿನಲ್ಲಿ ಕಿತ್ತುಕೊಂಡೆ. ತೂಕ ಮಾತ್ರ 52 ಕಿಲೋ ಬಿಟ್ಟು ಕದಲಲಿಲ್ಲ, ಹಾಗಾಗಿ ನನಗೆ ಗೊತ್ತಾಗಲಿಲ್ಲ. ಸ್ನಾಯು ಕರಗಿದ ಜಾಗವನ್ನು ಕೊಬ್ಬು ತುಂಬಿಕೊಂಡರೆ ತಕ್ಕಡಿಗೆ ಅದು ಕಾಣುವುದಿಲ್ಲ.

ಫಿಸಿಯೋಥೆರಪಿಸ್ಟ್ ಗಡಿಯಾರ ಹಿಡಿದು, ಕೈ ಊರದೆ ಐದು ಸಲ ಎದ್ದು ಕೂರಲು ಹೇಳಿದರು. 15 ಸೆಕೆಂಡ್ ದಾಟಿದರೆ ಕಾಲಿನ ಬಲ ಕುಗ್ಗಿದೆ ಎಂದು ಲೆಕ್ಕವಂತೆ. ಅಮ್ಮನಿಗೆ 22 ಹಿಡಿಯಿತು.

ಅವರು ಹೇಳಿಕೊಟ್ಟದ್ದು ಇಷ್ಟೇ: ಗೋಡೆಗೆ ಆನಿಸಿದ ಗಟ್ಟಿ ಕುರ್ಚಿ, ಅದರ ಮೇಲೆ ಎರಡು ದಿಂಬು. ಕೈ ಊರದೆ ಎಂಟು ಸಲ ಏಳುವುದು, ನಿಧಾನವಾಗಿ ಕೂರುವುದು, ಸುಧಾರಿಸಿಕೊಂಡು ಮತ್ತೊಮ್ಮೆ ಎಂಟು. ದಿನ ಬಿಟ್ಟು ದಿನ. ಸುಲಭವಾದಾಗ ಒಂದು ದಿಂಬು ತೆಗೆಯಬೇಕು, ಆಮೇಲೆ ಇನ್ನೊಂದು, ಕೊನೆಗೆ ಎದೆಗೊತ್ತಿಕೊಂಡ ಒಂದು ಲೀಟರ್ ನೀರಿನ ಬಾಟಲಿ. ಕೊನೆಯ ಎರಡು ಸಲ ಏಳಲು ಸ್ವಲ್ಪ ತಿಣುಕಬೇಕು. ಹಾಗಾಗದಿದ್ದರೆ ಭಾರ ಸಾಲದು. ನಡಿಗೆ ಒಳ್ಳೆಯದೇ, ಆದರೆ ಈ ಕೆಲಸವನ್ನು ಅದು ಮಾಡುವುದಿಲ್ಲ.

ಇನ್ನು ಊಟ. ಈ ವಯಸ್ಸಿನಲ್ಲಿ ಕಿಲೋ ತೂಕಕ್ಕೆ 1ರಿಂದ 1.2 ಗ್ರಾಂ ಪ್ರೋಟೀನ್ ಬೇಕು, ಅಂದರೆ ಅಮ್ಮನಿಗೆ ಸುಮಾರು 55 ಗ್ರಾಂ. ಅನ್ನ, ತಿಳಿಸಾರು, ರಾತ್ರಿ ಗಂಜಿ ಲೆಕ್ಕ ಹಾಕಿದರೆ 30 ದಾಟುತ್ತಿರಲಿಲ್ಲ. ತಿಳಿಸಾರಿನಲ್ಲಿ ಬೇಳೆಯ ಬಣ್ಣವಿರುತ್ತದೆ, ಬೇಳೆ ಇರುವುದಿಲ್ಲ. ಅದರ ಬದಲು ಗಟ್ಟಿ ತೊವ್ವೆ, ಬೆಳಿಗ್ಗೆ ಹೆಸರುಕಾಳಿನ ದೋಸೆ, ರಾತ್ರಿ ಒಂದು ಲೋಟ ಹಾಲು. ಸಾಗುವಿಗೆ 30 ಗ್ರಾಂ ಸೋಯಾ ಚೂರು ಹಾಕಿದರೆ ಅದೊಂದರಿಂದಲೇ 15 ಗ್ರಾಂ. ಮೂರು ಹೊತ್ತಿಗೂ ಹಂಚಿ ಕೊಡಿ. ಮೂತ್ರಪಿಂಡದ ತೊಂದರೆ ಇದ್ದವರು ಮಾತ್ರ ವೈದ್ಯರನ್ನು ಕೇಳದೆ ಪ್ರೋಟೀನ್ ಹೆಚ್ಚಿಸಬಾರದು.

ವಿಟಮಿನ್ ಡಿ ರಕ್ತಪರೀಕ್ಷೆಯಲ್ಲಿ 11 ಬಂದಿತ್ತು, ಅಂದರೆ ಕೊರತೆ. ವೈದ್ಯರು ವಾರಕ್ಕೊಂದರಂತೆ ಎಂಟು ವಾರ 60,000 ಯೂನಿಟ್‌ನ ಪುಡಿ ಬರೆದರು. ಕೊರತೆಯಿದ್ದರೆ ಅದು ಬೇಕೇ ಬೇಕು. ಇಲ್ಲದವರು ನುಂಗಿದರೆ ಬಲ ಬರುವುದಿಲ್ಲ. ವಾರದ್ದನ್ನು ದಿನವೂ ತೆಗೆದುಕೊಂಡರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಂತಿ, ಮಲಬದ್ಧತೆ, ಮಂಕು ಶುರುವಾಗಬಹುದು.

ಮೂರು ತಿಂಗಳಿಗೆ 22 ಸೆಕೆಂಡ್ 14ಕ್ಕೆ ಇಳಿಯಿತು. ಈಗ ಕೈಕೊಡಲು ಹೋದರೆ ಅಮ್ಮ ಬೈಯುತ್ತಾರೆ. ಪ್ರೋಟೀನ್ ಪುಡಿಯ ಡಬ್ಬಿಯಲ್ಲಿ ಹುರಿಗಡಲೆ ತುಂಬಿಟ್ಟಿದ್ದಾರೆ, ಅದೂ ಮೇಲಿನ ಕಪಾಟಿನಲ್ಲಿ.