ಊಟ ಮಾಡಿದ್ರೆ ಬರುತ್ತೆ, ಮೇಡಂ

ಶಾಲೆ ಶುರುವಾಗಿ ಒಂದೆರಡು ತಿಂಗಳಾದರೆ ಸಾಕು, ಮಕ್ಕಳ ಆಪ್ತಸಮಾಲೋಚನೆ ಮಾಡುವ ನನ್ನ ಬಳಿಗೆ ಒಂದೇ ದೂರು ಹೊತ್ತ ಅಪ್ಪ-ಅಮ್ಮಂದಿರು ಬರತೊಡಗುತ್ತಾರೆ. "ಇಷ್ಟು ದೊಡ್ಡವನಾದ, ಇನ್ನೂ ಚಡ್ಡಿಯಲ್ಲೇ ಮಾಡ್ಕೋತಾನೆ." ಬರುವಷ್ಟರಲ್ಲಿ ಮಗುವಿಗೆ ಏಟು ಬಿದ್ದಿರುತ್ತದೆ, ಹರಕೆಯೂ ಆಗಿರುತ್ತದೆ. ಶಾಲೆಯ ಶೌಚಾಲಯ ಹೇಗಿದೆ ಅಂತ ಮಾತ್ರ ಯಾರೂ ನೋಡಿ ಬಂದಿರುವುದಿಲ್ಲ. ಅದಕ್ಕೇ ಈ ಒಂದು ಪ್ರಕರಣ ಬರೆಯುತ್ತಿದ್ದೇನೆ. ಗುರುತು ಸಿಗುವಂಥ ವಿವರಗಳನ್ನೆಲ್ಲ ಬದಲಿಸಿದ್ದೇನೆ.

ಹುಡುಗನನ್ನು ಚಿನ್ಮಯ ಎನ್ನೋಣ. ಎಂಟು ವರ್ಷ, ಮೂರನೇ ತರಗತಿ. ತೀರ್ಥಹಳ್ಳಿ ಕಡೆಯ ಹಳ್ಳಿ, ಮನೆಯಲ್ಲಿ ಅಡಿಕೆ ತೋಟದ ಕೆಲಸ. ದಿನಕ್ಕೆ ಮೂರ್ನಾಲ್ಕು ಸಲ ಚಡ್ಡಿಗೆ ಕಲೆ ಆಗುತ್ತಿತ್ತು. ವಾಸನೆ ಅಂತ ಪಕ್ಕದಲ್ಲಿ ಯಾರೂ ಕೂರುತ್ತಿರಲಿಲ್ಲ. ಅಮ್ಮ ಭೇದಿ ಇರಬೇಕೆಂದು ಅಂಗಡಿಯಿಂದ ಭೇದಿ ನಿಲ್ಲಿಸುವ ಮಾತ್ರೆ ತಂದು ಕೊಟ್ಟಿದ್ದರು. ಅಜ್ಜಿ ಹರಳೆಣ್ಣೆ ಕುಡಿಸಿದ್ದರು. ಅಪ್ಪನಿಗೆ ಅನುಮಾನವೇ ಇರಲಿಲ್ಲ, "ಬೇಕಂತಲೇ ಮಾಡ್ತಾನೆ ಮೇಡಂ, ಸೋಮಾರಿ."

"ಗಟ್ಟಿಯಾಗಿ ಕೊನೆಯ ಸಲ ಯಾವಾಗ ಹೋದ?" ಎಂದು ಕೇಳಿದೆ. ಅಮ್ಮ ಸ್ವಲ್ಪ ಯೋಚಿಸಿ, "ಭಾನುವಾರ. ವಾರಕ್ಕೊಂದೇ ಸಲ. ಅತ್ತು ಕರೆದು ಹೋಗ್ತಾನೆ. ಎರಡು ಕೊಡ ನೀರು ಹಾಕಿದ್ರೂ ಕೆಳಗೆ ಹೋಗಲ್ಲ, ಅಷ್ಟು ದಪ್ಪ" ಎಂದರು. ಇದು ಭೇದಿ ಅಲ್ಲ ಅನ್ನುವುದು ಅಲ್ಲಿಗೇ ಹೆಚ್ಚುಕಮ್ಮಿ ಗೊತ್ತಾಯಿತು. ಯಾಕೆ ತಡೆದುಕೊಳ್ಳುತ್ತಿದ್ದಾನೆ ಅನ್ನುವುದು ಗೊತ್ತಾಗಬೇಕಿತ್ತು. ಮುಂದಿನ ಭೇಟಿಯಲ್ಲಿ ಅಮ್ಮನನ್ನು ಹೊರಗೆ ಕೂರಿಸಿದೆ.

"ಯಾಕೆ ಹೋಗಲ್ಲ" ಅಂತ ಮಕ್ಕಳನ್ನು ಕೇಳಬಾರದು. ಅದು ಬೈಗುಳದ ಹಾಗೇ ಕೇಳಿಸುತ್ತದೆ. ಬೆಳಿಗ್ಗೆ ಎದ್ದಲ್ಲಿಂದ ಒಂದು ದಿನದ ಕಥೆ ಹೇಳು ಎಂದೆ. ಎದ್ದ, ಹಲ್ಲುಜ್ಜಿದ, ತಿಂಡಿ ತಿಂದ, ಬಸ್ಸಿಗೆ ಓಡಿದ. ಶಾಲೆಯಲ್ಲಿ ಕ್ಷೀರಭಾಗ್ಯದ ಹಾಲು ಕೊಟ್ಟರು.

"ಕುಡಿದ್ಯಾ ಪುಟ್ಟ?"

"ಇಲ್ಲ."

"ಹಾಲು ಇಷ್ಟ ಇಲ್ವಾ?"

"ಇಷ್ಟ."

ಆಮೇಲೆ ಬಿಸಿಯೂಟದ ಹೊತ್ತು ಬಂತು. ಅರ್ಧ ಮಾತ್ರ ಉಣ್ಣುತ್ತೇನೆ, ನೀರು ಕುಡಿಯುವುದಿಲ್ಲ ಎಂದ. ಯಾಕೆ ಎಂದು ನಾನು ಕೇಳುವ ಮೊದಲೇ, ಗುಟ್ಟು ಹೇಳುವವನ ಹಾಗೆ ಮುಂದೆ ಬಾಗಿ, "ಊಟ ಮಾಡಿದ್ರೆ ಬರುತ್ತೆ ಮೇಡಂ" ಎಂದ.

ಇದನ್ನು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಹೊಟ್ಟೆಗೆ ಅನ್ನ ಬಿದ್ದ ಸ್ವಲ್ಪ ಹೊತ್ತಿಗೇ ದೊಡ್ಡ ಕರುಳು ಚುರುಕಾಗುತ್ತದೆ. ಎಲ್ಲರಿಗೂ ಹೀಗೇ ಆಗುತ್ತದೆ, ಮಕ್ಕಳಲ್ಲಿ ಜಾಸ್ತಿ. ಎಂಟು ವರ್ಷದ ಹುಡುಗ ಅದನ್ನು ತಾನಾಗಿಯೇ ಕಂಡುಕೊಂಡು, ಬರದಿರಲಿ ಅಂತ ಹಸಿದುಕೊಂಡು ಇರುತ್ತಿದ್ದ. ಸೋಮಾರಿ ಮಾಡುವ ಕೆಲಸವಾ ಇದು?

"ಬಂದರೆ ಏನು ಮಾಡ್ತೀಯ?" ಎಂದೆ. ಎದ್ದು ನಿಂತು ತೋರಿಸಿದ. ಕಾಲಿಗೆ ಕಾಲು ಹೆಣೆದು, ತುದಿಗಾಲ ಮೇಲೆ ನಿಂತು, ಮೇಜಿನ ಅಂಚು ಹಿಡಿದು, ಉಸಿರು ಬಿಗಿಹಿಡಿದ. ತರಗತಿಯಲ್ಲಿ ಹೀಗೆ ಮಾಡಿದಾಗ "ಕುಣಿಬೇಡ, ನೆಟ್ಟಗೆ ಕೂತ್ಕೋ" ಎಂದು ಬೈಸಿಕೊಂಡಿದ್ದನಂತೆ. ಶೌಚಾಲಯದ ಬಾಗಿಲಿಗೆ ಒಳಗಿನಿಂದ ಚಿಲಕ ಇಲ್ಲ. ಒಮ್ಮೆ ಒಳಗೆ ಕೂತಿದ್ದಾಗ ಐದನೇ ತರಗತಿಯ ಹುಡುಗರು ಬಾಗಿಲು ತಳ್ಳಿ ನಕ್ಕಿದ್ದರು. ಅವತ್ತೇ ಕೊನೆ.

ತಡೆದರೆ ಆ ಒತ್ತಡ ಸ್ವಲ್ಪ ಹೊತ್ತಿಗೆ ಹೋಗುತ್ತದೆ. ಮಲ ಅಲ್ಲೇ ಉಳಿಯುತ್ತದೆ. ಕರುಳು ಅದರ ನೀರನ್ನು ಹೀರುತ್ತಲೇ ಇರುತ್ತದೆ, ಹಾಗಾಗಿ ಅದು ಕಲ್ಲಾಗುತ್ತದೆ. ಹೊರಬರುವಾಗ ಗುದದ್ವಾರ ಸೀಳಿ ನೋವಾಗುತ್ತದೆ, ಆ ಹೆದರಿಕೆಗೆ ಮಗು ಮನೆಯಲ್ಲೂ ತಡೆಯುತ್ತದೆ. ವಾರಗಟ್ಟಲೆ ಹೀಗಾದರೆ ಗುದನಾಳ ಹಳೇ ಚಡ್ಡಿಯ ಎಲಾಸ್ಟಿಕ್‌ನಂತೆ ಸಡಿಲವಾಗಿ, ತುಂಬಿದ್ದೇ ತಿಳಿಯುವುದಿಲ್ಲ. ಗಟ್ಟಿ ಮಲದ ಸುತ್ತ ತೆಳುವಾದದ್ದು ಜಿನುಗಿ ಚಡ್ಡಿಗೆ ಬರುತ್ತದೆ. ಮಗುವಿಗೆ ಅದು ಗೊತ್ತೇ ಆಗುವುದಿಲ್ಲ. ಗೊತ್ತಾಗದ್ದಕ್ಕೆ ಹೊಡೆದು ಏನು ಪ್ರಯೋಜನ? ಇದನ್ನು ಅಪ್ಪನಿಗೆ ಎರಡು ಸಲ ಹೇಳಬೇಕಾಯಿತು.

ನಾನು ಮೊದಲು ಕಳಿಸಿದ್ದು ಮಕ್ಕಳ ವೈದ್ಯರ ಬಳಿಗೆ. "ಮಾತಾಡಿಸಿ ಸರಿ ಮಾಡೋದು ನಿಮ್ಮ ಕೆಲಸ ಅಲ್ವಾ?" ಎಂದು ಅಪ್ಪ-ಅಮ್ಮನಿಗೆ ಬೇಸರವಾಯಿತು. ಆದರೆ ತುಂಬಿಕೊಂಡ ಕರುಳನ್ನು ಮಾತಿನಿಂದ ಖಾಲಿ ಮಾಡಲಾಗುವುದಿಲ್ಲ. ಸೊಪ್ಪು, ಬಾಳೆಹಣ್ಣು ಕೊಟ್ಟರೂ ಆಗುವುದಿಲ್ಲ. ದಾರಿ ಕಟ್ಟಿರುವಾಗ ನಾರು ತುರುಕಿದರೆ ಹೊಟ್ಟೆ ಉಬ್ಬರಿಸಬಹುದು ಅಷ್ಟೇ. ಹರಳೆಣ್ಣೆಯಿಂದ ಹೊಟ್ಟೆ ಹಿಂಡಿ ನೋವಾದರೆ ಹೆದರಿಕೆ ಇನ್ನೂ ಬೆಳೆಯುತ್ತದೆ. ಭೇದಿ ನಿಲ್ಲಿಸುವ ಮಾತ್ರೆಯಂತೂ ತದ್ವಿರುದ್ಧ ಕೆಲಸ ಮಾಡುತ್ತದೆ.

ವೈದ್ಯರು ಹೊಟ್ಟೆ ಒತ್ತಿ ನೋಡಿದರು. ಕೆಳಗೆ ಎಡಭಾಗದಲ್ಲಿ ಗಟ್ಟಿ ಗಡ್ಡೆ ಕೈಗೆ ಸಿಕ್ಕಿತು. ಪಾಲಿಥಿಲೀನ್ ಗ್ಲೈಕಾಲ್ ಪುಡಿಯನ್ನು ನೀರಲ್ಲಿ ಕಲಸಿ ಕುಡಿಸಲು ಹೇಳಿದರು. ತೂಕ ನೋಡಿ ಮೊದಲ ಕೆಲವು ದಿನ ಹೆಚ್ಚಿನ ಪ್ರಮಾಣ, ಕಟ್ಟಿಕೊಂಡ ಮಲವೆಲ್ಲ ಹೋಗಿ ಕರುಳು ಖಾಲಿಯಾದ ಮೇಲೆ ಕಡಿಮೆ ಪ್ರಮಾಣ. ಈ ಎರಡನೆಯ ಹಂತ ಎರಡು ತಿಂಗಳಾದರೂ ನಡೆಯಬೇಕು, ಎಷ್ಟೋ ಮಕ್ಕಳಿಗೆ ಇನ್ನೂ ಜಾಸ್ತಿ ಬೇಕಾಗುತ್ತದೆ. ಜನ ಎಡವುವುದು ಇಲ್ಲೇ. ವಾರದಲ್ಲಿ ಹೊಟ್ಟೆ ಸರಿಹೋಯಿತು, "ಅಭ್ಯಾಸ ಆಗಿಬಿಡುತ್ತೆ" ಅಂತ ಅಜ್ಜಿ ನಿಲ್ಲಿಸಿದರು. ಹದಿನೈದು ದಿನಕ್ಕೆ ಚಡ್ಡಿಯ ಕಲೆ ವಾಪಸ್ ಬಂತು. ಆ ಪುಡಿ ಮಲದಲ್ಲಿ ನೀರು ಹಿಡಿದಿಡುತ್ತದೆ ಅಷ್ಟೇ, ಕರುಳಿಗೆ ಚಟ ಹಿಡಿಸುವುದಿಲ್ಲ. ಸಡಿಲವಾದ ಗುದನಾಳ ಮೊದಲಿನ ಹಾಗಾಗಲು ಸಮಯ ಬೇಕು. ಮತ್ತೆ ಶುರುಮಾಡಿಸಿದೆವು.

ಜೊತೆಗೆ ಮನೆಯಲ್ಲಿ ಎರಡೇ ಕೆಲಸ ಹೇಳಿದೆ. ಬೆಳಿಗ್ಗೆ ಅರ್ಧ ಗಂಟೆ ಮುಂಚೆ ಎಬ್ಬಿಸಿ, ತಿಂಡಿ ಆದಮೇಲೆ ಐದರಿಂದ ಹತ್ತು ನಿಮಿಷ ಕೂರಿಸಿ. ರಾತ್ರಿ ಊಟದ ನಂತರವೂ ಅಷ್ಟೇ. ಬರಲಿ ಬಿಡಲಿ, ಕೂತಿದ್ದಕ್ಕೆ ಶಭಾಷ್ ಅನ್ನಿ. ಚಡ್ಡಿ ಕೊಳೆಯಾದರೆ ಮಾತಿಲ್ಲದೆ ಬದಲಿಸಿ. ಹುಟ್ಟಿದಾಗಿನಿಂದಲೇ ಮಲಬದ್ಧತೆ ಇದ್ದರೆ, ವಾಂತಿಯಾಗುತ್ತಿದ್ದರೆ, ತೂಕ ಇಳಿಯುತ್ತಿದ್ದರೆ, ಹೊಟ್ಟೆ ತುಂಬಾ ಉಬ್ಬಿದ್ದರೆ ಅದು ಶೌಚಾಲಯದ ಕಥೆ ಅಲ್ಲದಿರಬಹುದು, ಬೇಗ ವೈದ್ಯರಿಗೆ ತೋರಿಸಬೇಕು.

ಶಾಲೆಯ ವಿಷಯಕ್ಕೆ ಬಂದಾಗ ಅಪ್ಪ ಮೇಲಿನವರಿಗೆ ದೂರು ಕೊಡಲು ಹೊರಟಿದ್ದರು. ಮೊದಲು ಮುಖ್ಯ ಶಿಕ್ಷಕಿಯ ಬಳಿ ಮಾತಾಡಿ ಎಂದೆ. ಮೆತ್ತಗಿನ ಸಲಹೆ ಅಂತ ಕೆಲವರಿಗೆ ಅನ್ನಿಸಬಹುದು. ಗಂಡು-ಹೆಣ್ಣುಮಕ್ಕಳಿಗೆ ಬೇರೆ ಬೇರೆ ಶೌಚಾಲಯ ಇರಬೇಕೆಂದು 2009ರ ಶಿಕ್ಷಣ ಹಕ್ಕು ಕಾಯ್ದೆಯೇ ಹೇಳುತ್ತದೆ, ಈ ಶಾಲೆಯಲ್ಲೂ ಇತ್ತು. ಬಾಗಿಲ ಚಿಲಕ ಇರಲಿಲ್ಲ. ಹಾರ್ಡ್‌ವೇರ್ ಅಂಗಡಿಯಲ್ಲಿ ನೂರು ರೂಪಾಯಿಯೊಳಗೆ ಸಿಗುವ ಚಿಲಕಕ್ಕೆ ಕಾಗದ ಓಡಾಡುವಷ್ಟರಲ್ಲಿ ಮಗುವಿನ ವರ್ಷ ಮುಗಿದಿರುತ್ತದೆ.

ಶಿಕ್ಷಕಿಗೂ ಅವರದೇ ಕಷ್ಟ ಇತ್ತು. ಮಕ್ಕಳಿಂದ ತೊಳೆಸುವಂತಿಲ್ಲ, ತೊಳೆಸಲೂಬಾರದು. ದಿನಾ ತೊಳೆಯಲು ಆಳಿಲ್ಲ. ಮಳೆಗಾಲದಲ್ಲಿ ಕರೆಂಟು ಹೋದರೆ ಮೋಟರು ಓಡದು, ಟ್ಯಾಂಕಿ ಖಾಲಿ. ಕೊನೆಗೆ ಶಾಲಾಭಿವೃದ್ಧಿ ಸಮಿತಿ, ಅಂದರೆ ಎಸ್‌ಡಿಎಂಸಿ ಸಭೆಯಲ್ಲಿ ಪೋಷಕರು ಒಪ್ಪಿಕೊಂಡದ್ದು ಇಷ್ಟು. ಮಕ್ಕಳ ಕೈಗೆಟಕುವ ಎತ್ತರದಲ್ಲಿ ಒಳಚಿಲಕ, ಕರೆಂಟಿರುವಾಗಲೇ ತುಂಬಿಡುವ ಒಂದು ಡ್ರಮ್ಮು, ವಾರಕ್ಕೆರಡು ದಿನ ಸಂಬಳ ಕೊಟ್ಟು ತೊಳೆಸುವುದು. ದಿನಾ ಆಗಬೇಕಿತ್ತು, ಹಣ ಅಷ್ಟಕ್ಕೇ ಸಾಕಾಯಿತು. ಶಿಕ್ಷಕಿ ತಾವಾಗಿ ಸೇರಿಸಿದ್ದು ಒಂದು: ಯಾರೂ "ಮಿಸ್, ಎರಡಕ್ಕೆ" ಅಂತ ಎಲ್ಲರೆದುರು ಬೆರಳೆತ್ತಬೇಕಾಗಿಲ್ಲ. ಮೇಜಿನ ಮೇಲಿನ ಮರದ ತುಂಡು ಎತ್ತಿಕೊಂಡು ಹೋಗಬಹುದು. ತುಂಡು ಮೇಜಿನ ಮೇಲಿಲ್ಲದಿದ್ದರೆ ಒಳಗೆ ಯಾರೋ ಇದ್ದಾರೆ ಎಂದರ್ಥ, ಇನ್ನೊಬ್ಬರು ಹೋಗುವಂತಿಲ್ಲ.

ಚಿನ್ಮಯ ಈಗ ಹಾಲು ಕುಡಿಯುತ್ತಾನೆ. ಶಾಲೆಯಲ್ಲಿ ಎರಡಕ್ಕೆ ಹೋಗುವುದು ಇನ್ನೂ ಅಪರೂಪವೇ. ಆದರೆ ಬೆಳಿಗ್ಗೆ ಮನೆಯಲ್ಲೇ ಆಗುವುದರಿಂದ ಅದರ ಅಗತ್ಯವೂ ಕಡಿಮೆಯಾಗಿದೆ. ಪುಡಿಯ ಪ್ರಮಾಣವನ್ನು ವೈದ್ಯರು ನಿಧಾನವಾಗಿ ಇಳಿಸುತ್ತಿದ್ದಾರೆ.

ನಮ್ಮ ಕಡೆಯ ಶಿಕ್ಷಕರಿಗೆ ಒಂದು ಮಾತು. ಬೇಸಿಗೆಯಲ್ಲಿ ಚಿಲಕ ಹಾಕಿಸಿ ನಿಶ್ಚಿಂತೆಯಿಂದ ಇರಬೇಡಿ. ಮಲೆನಾಡಿನ ಮಳೆಗೆ ಮರದ ಬಾಗಿಲು ಉಬ್ಬುತ್ತದೆ, ಚಿಲಕ ತೂತಿಗೆ ಕೂರುವುದಿಲ್ಲ. ಜುಲೈನಲ್ಲಿ ಒಮ್ಮೆ ನೀವೇ ಒಳಗೆ ಹೋಗಿ ಬಾಗಿಲು ಹಾಕಿ ನೋಡಿ. ಕೂರದಿದ್ದರೆ ಬಾಗಿಲ ಅಂಚನ್ನು ಬಡಗಿಯಿಂದ ಕೀಸಿಸಿ.