ಚಾರ್ಜ್‌ಬ್ಯಾಕ್ ಬಂದಿರುವಾಗ ರೀಫಂಡ್ ಮಾಡಬೇಕಾ?

"ಕೊರಿಯರ್‌ನಲ್ಲಿ ಡೆಲಿವರಿ ಆಗಿದೆ ಅಂತ ತೋರಿಸುತ್ತಿದೆ. ಆದರೆ ಗ್ರಾಹಕರು ಮಾಲು ಬಂದೇ ಇಲ್ಲ ಅಂತ ಬ್ಯಾಂಕಿಗೆ ದೂರು ಕೊಟ್ಟಿದ್ದಾರೆ, ಪೇಮೆಂಟ್ ಗೇಟ್‌ವೇಯವರು ನನ್ನ ದುಡ್ಡು ಹಿಡಿದಿದ್ದಾರೆ. ಸುಮ್ನೆ ರೀಫಂಡ್ ಮಾಡಿಬಿಡಲಾ?"

ಬೇಡ, ಈಗ ರೀಫಂಡ್ ಬಟನ್ ಒತ್ತಬೇಡಿ. ಆ ದುಡ್ಡನ್ನು ಈಗಾಗಲೇ ನಿಮ್ಮ ಸೆಟಲ್‌ಮೆಂಟಿನಿಂದ ಹಿಡಿದಿದ್ದಾರೆ ಅಲ್ವಾ, ಇದರ ಮೇಲೆ ನೀವು ಬೇರೆಯಾಗಿ ರೀಫಂಡ್ ಕಳಿಸಿದರೆ ಒಂದೇ ಆರ್ಡರ್‌ಗೆ ಎರಡು ಸಲ ದುಡ್ಡು ಕೊಟ್ಟಂತೆ ಆಗುತ್ತದೆ. ತಪ್ಪು ನಿಮ್ಮದೇ ಆಗಿದ್ದರೆ ಗೇಟ್‌ವೇಯ ಡ್ಯಾಶ್‌ಬೋರ್ಡಿನಲ್ಲಿ ಈ ಡಿಸ್ಪ್ಯೂಟ್ ಒಪ್ಪಿಕೊಳ್ಳಿ, ಇಲ್ಲವಾದರೆ ಅಲ್ಲೇ ದಾಖಲೆ ಹಾಕಿ. ದೂರು ಬರುವ ಮುಂಚೆಯೇ ರೀಫಂಡ್ ಮಾಡಿದ್ದರೆ ಆ ರೀಫಂಡನ್ನು ಬ್ಯಾಂಕಿನವರು ಗುರುತಿಸುವ ಎಆರ್‌ಎನ್ ನಂಬರ್ ಕೊಡಿ.

ಮೊದಲು ದೂರಿನ ಕಾರಣ ಓದಿ. ಒಟಿಪಿ ಹಾಕಿಯೇ ದುಡ್ಡು ಕಟ್ಟಿದ್ದಾರೆ ಅಂತ ಬರೆದು ಎಷ್ಟೋ ಜನ ಸುಮ್ಮನಾಗುತ್ತಾರೆ. "ಈ ಪೇಮೆಂಟ್ ನಾನು ಮಾಡಿಲ್ಲ" ಅನ್ನುವ ದೂರಿಗೆ ಅದು ಒಳ್ಳೆಯ ಉತ್ತರ. "ಮಾಲು ಬಂದಿಲ್ಲ" ಅನ್ನುವುದಕ್ಕೆ ಅದರಿಂದ ಉಪಯೋಗವಿಲ್ಲ, ಅಲ್ಲಿ ಮಾಲು ಯಾರ ಕೈಗೆ ಸೇರಿತು ಅಂತ ತೋರಿಸಬೇಕು.

ನಾನು ಚಿತ್ರದುರ್ಗದಿಂದ ಮೊಳಕಾಲ್ಮೂರು ಸೀರೆ ಮಾರುತ್ತೇನೆ. 7,800 ರೂಪಾಯಿಯ ಒಂದು ಸೀರೆ ಪುಣೆಗೆ ಹೋಗಿತ್ತು, ಅದಕ್ಕೆ ಇದೇ ದೂರು ಬಂತು. ಟ್ರ್ಯಾಕಿಂಗ್ ಪುಟದ ಸ್ಕ್ರೀನ್‌ಶಾಟ್ ಹಾಕೋಣ ಅಂದುಕೊಂಡೆ, ನೋಡಿದರೆ ಅದರಲ್ಲಿ ಊರಿನ ಹೆಸರು ಮತ್ತು Delivered ಅನ್ನುವ ಪದ ಬಿಟ್ಟು ಏನೂ ಇಲ್ಲ. ಅದು ಸಾಲದು. ಕೊರಿಯರ್ ಆಫೀಸಿಗೆ ಹೋಗಿ ಪಿಒಡಿ, ಅಂದರೆ ಪಾರ್ಸೆಲ್ ತೆಗೆದುಕೊಂಡವರ ಸಹಿ ಇರುವ ಚೀಟಿ, ತೆಗೆಸಿದೆ. ಸಹಿ ಗ್ರಾಹಕರದ್ದಲ್ಲ, ಅಪಾರ್ಟ್‌ಮೆಂಟಿನ ವಾಚ್‌ಮನ್‌ದು! ಎದೆ ಧಸಕ್ಕೆಂದಿತು. ಆಮೇಲೆ ವಾಟ್ಸ್ಯಾಪ್ ಹುಡುಕಿದಾಗ, "ನಾನು ಮನೆಯಲ್ಲಿ ಇರಲ್ಲ, ವಾಚ್‌ಮನ್ ಹತ್ತಿರ ಕೊಡಲು ಹೇಳಿ" ಅಂತ ಅವರೇ ಬರೆದಿದ್ದ ಮೆಸೇಜ್ ಸಿಕ್ಕಿತು.

ಬಿಲ್ಲು, ಪಿಒಡಿ, ಆ ಚಾಟ್ ಮೂರನ್ನೂ ಒಂದೇ ಪಿಡಿಎಫ್ ಮಾಡಿದೆ. ಬಿಲ್ಲಿನ ವಿಳಾಸ ಮತ್ತು ಪಿಒಡಿಯ ವಿಳಾಸ ಒಂದೇ ಅಂತ ಕಾಣುವ ಹಾಗೆ ಎರಡಕ್ಕೂ ಗೆರೆ ಎಳೆದೆ, ಚಾಟಿನಲ್ಲಿ ಫೋನ್ ನಂಬರ್ ಮತ್ತು ತಾರೀಕು ಕಾಣಿಸುವಂತೆ ಇಟ್ಟೆ, ಏಕೆಂದರೆ ನೋಡುವ ಬ್ಯಾಂಕಿನವರಿಗೆ ನಮ್ಮ ಕಥೆ ಗೊತ್ತಿರುವುದಿಲ್ಲ. ಕನ್ನಡದ ಮೆಸೇಜಿನ ಕೆಳಗೆ ಇಂಗ್ಲಿಷಿನಲ್ಲಿ ಅರ್ಥವನ್ನೂ ಬರೆದೆ. ಒಂದೂವರೆ ತಿಂಗಳಾದ ಮೇಲೆ ದುಡ್ಡು ವಾಪಸ್ ಬಂತು.

ಗೇಟ್‌ವೇಯಿಂದ ನಿಮಗೆ ಬಂದ ಮೇಲ್‌ನಲ್ಲಿ ದಾಖಲೆ ಹಾಕಲು ಕೊನೆಯ ದಿನಾಂಕ ಇರುತ್ತದೆ, ಅದು ದಾಟಿದರೆ ಎಷ್ಟೇ ಗಟ್ಟಿ ದಾಖಲೆ ಇದ್ದರೂ ಸೋತಂತೆಯೇ. ಹಾಗಾಗಿ ಇವತ್ತೇ ಪಿಒಡಿ ಕೇಳಿ. ಅದರಲ್ಲಿ ವಿಳಾಸವೇ ಬೇರೆ ಇದ್ದರೆ ಗ್ರಾಹಕರು ಹೇಳುತ್ತಿರುವುದು ನಿಜ, ಆಗ ಡಿಸ್ಪ್ಯೂಟ್ ಒಪ್ಪಿಕೊಂಡು ಕೊರಿಯರ್‌ನವರ ಮೇಲೆ ಕ್ಲೇಮ್ ಹಾಕಿ.